ರಿಪೋರ್ಟ್ ನೆಗೆಟಿವ್, ಜ್ವರ ಮಾತ್ರ ಬಿಡುತ್ತಿಲ್ಲ

ಆಡು-ಕುರಿ ಸಾಕುವ, ಮಾರುವ ಅಥವಾ ಮಾಂಸದ ಅಂಗಡಿ ನಡೆಸುವ ಮನೆಯವರು ನೀವಾಗಿದ್ದರೆ ಬ್ರುಸೆಲ್ಲೋಸಿಸ್ ಎಂಬ ಹೆಸರನ್ನು ತಿಳಿದಿರಬೇಕು. ಸಂಜೆಯಾದಂತೆ ಏರುವ ಜ್ವರ, ರಾತ್ರಿ ಹಾಸಿಗೆ ನೆನೆಯುವಷ್ಟು ಬೆವರು, ಸೊಂಟ ಮತ್ತು ಕೀಲುಗಳ ನೋವು ವಾರಗಟ್ಟಲೆ ಎಳೆಯುತ್ತವೆ. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ವೈದ್ಯರು ಮಾಲ್ಟಾ ದ್ವೀಪದಲ್ಲಿ ಈ ರೋಗಾಣುವನ್ನು ಬೇರ್ಪಡಿಸಿದರು. ಅದು ಆಡಿನ ಹಾಲಿನಿಂದ ಬರುತ್ತದೆ ಎಂದು ಗೊತ್ತಾದದ್ದು 1905ರಲ್ಲಿ. ಕಾಯಿಸದ ಹಾಲು ಕುಡಿದಾಗ, ಮರಿ ಹಾಕಿಸುವಾಗ, ಕಂದು ಹಾಕಿದ ಆಡಿನ ಮಾಸನ್ನು ಬರಿಗೈಯಲ್ಲಿ ಎತ್ತಿದಾಗ ಇದು ಮನುಷ್ಯರಿಗೆ ತಗಲುತ್ತದೆ.

ಇದನ್ನು ಪತ್ತೆಹಚ್ಚುವ ಹಳೆಯ ಮತ್ತು ಇಂದಿಗೂ ಬಳಕೆಯಲ್ಲಿರುವ ಪರೀಕ್ಷೆ ಅಗ್ಲುಟಿನೇಷನ್, ಅಂದರೆ ಗಂಟುಕಟ್ಟುವಿಕೆ. ನಿಮ್ಮ ರಕ್ತದಿಂದ ತಿಳಿ ದ್ರವವಾದ ಸೀರಮ್ಮನ್ನು ಬೇರ್ಪಡಿಸುತ್ತಾರೆ. ಅದನ್ನು ಉಪ್ಪುನೀರಿನಲ್ಲಿ ತೆಳುಗೊಳಿಸುತ್ತಾರೆ: ಮೊದಲ ನಳಿಕೆಯಲ್ಲಿ 1:20, ಮುಂದಿನದರಲ್ಲಿ 1:40, ಆಮೇಲೆ 1:80, 1:160, ಹೀಗೆ ಪ್ರತಿ ನಳಿಕೆಯಲ್ಲೂ ಅರ್ಧಕ್ಕೆ ಇಳಿಯುತ್ತದೆ. ಎಲ್ಲದಕ್ಕೂ ಸತ್ತ ಬ್ರುಸೆಲ್ಲಾ ರೋಗಾಣುಗಳನ್ನು ಒಂದೇ ಪ್ರಮಾಣದಲ್ಲಿ ಸೇರಿಸಿ 37 ಡಿಗ್ರಿ ಬಿಸಿಯಲ್ಲಿ ಸುಮಾರು 24 ಗಂಟೆ ಇಡುತ್ತಾರೆ. ರೋಗಿಯ ಸೀರಮ್ಮಿನಲ್ಲಿ ಪ್ರತಿಕಾಯಗಳಿದ್ದರೆ ರೋಗಾಣುಗಳು ಗಂಟುಕಟ್ಟಿ ತಳಕ್ಕಿಳಿದು ಮೇಲಿನ ನೀರು ತಿಳಿಯಾಗುತ್ತದೆ. ಇಲ್ಲದಿದ್ದರೆ ಕಲಕಿದ ಹಾಗೆಯೇ ಉಳಿಯುತ್ತದೆ. ಗಂಟು ಕಂಡ ಕೊನೆಯ ನಳಿಕೆಯ ಅಂಕಿಯೇ ಟೈಟರ್. ರೋಗಲಕ್ಷಣಗಳ ಜೊತೆ ಟೈಟರ್ 1:160 ಅಥವಾ ಹೆಚ್ಚಿದ್ದರೆ ಸಾಮಾನ್ಯವಾಗಿ ವೈದ್ಯರು ಅದನ್ನು ಗಂಭೀರವಾಗಿ ಪರಿಗಣಿಸುತ್ತಾರೆ.

ಪ್ರತಿಕಾಯ ಹೆಚ್ಚಿದ್ದಷ್ಟೂ ಗಂಟು ದೊಡ್ಡದಾಗಬೇಕು ಎಂದು ನಮಗೆ ಅನ್ನಿಸುತ್ತದೆ. ಆಗುವುದೇ ಬೇರೆ. ಒಂದು ಪ್ರತಿಕಾಯಕ್ಕೆ ಕನಿಷ್ಠ ಎರಡು ಕೈಗಳಿವೆ ಎಂದುಕೊಳ್ಳಿ. ಒಂದು ಕೈಯಲ್ಲಿ ಒಂದು ರೋಗಾಣುವನ್ನೂ ಇನ್ನೊಂದರಲ್ಲಿ ಪಕ್ಕದ ರೋಗಾಣುವನ್ನೂ ಹಿಡಿದರೆ ಮಾತ್ರ ಬಲೆಯಂತೆ ಗಂಟು ಬೀಳುತ್ತದೆ. ಪ್ರತಿಕಾಯಗಳು ವಿಪರೀತವಾದಾಗ ಪ್ರತಿ ರೋಗಾಣುವಿನ ಮೈಮೇಲೂ ಅವು ಮುತ್ತಿಕೊಂಡು, ಹಿಡಿಯಲು ಜಾಗವೇ ಉಳಿಯುವುದಿಲ್ಲ. ಒಂದು ಕೈ ಹಿಡಿದಿದೆ, ಇನ್ನೊಂದು ಖಾಲಿ ತೂಗಾಡುತ್ತಿದೆ. ಗಂಟಿಲ್ಲ, ನೀರು ತಿಳಿಯಾಗಿಲ್ಲ, ರಿಪೋರ್ಟ್ ನೆಗೆಟಿವ್. ಇದಕ್ಕೆ ಪ್ರೋಜೋನ್ ಎನ್ನುತ್ತಾರೆ.

ಒಂದು ಉದಾಹರಣೆ ನೋಡೋಣ. ಆಡಿನ ವ್ಯಾಪಾರಿಯೊಬ್ಬರಿಗೆ ಆರು ವಾರಗಳಿಂದ ಜ್ವರ. ಟೈಫಾಯ್ಡ್, ಮಲೇರಿಯಾ ಎರಡೂ ಇಲ್ಲ. ಲ್ಯಾಬಿನಲ್ಲಿ ನಾಲ್ಕೇ ನಳಿಕೆ ಇಟ್ಟು 1:160ಕ್ಕೆ ನಿಲ್ಲಿಸಿದರು; ಯಾವುದರಲ್ಲೂ ಗಂಟಿಲ್ಲ, ಬ್ರುಸೆಲ್ಲಾ ನೆಗೆಟಿವ್ ಎಂದು ಬರೆದರು. ವೈದ್ಯರಿಗೆ ಅನುಮಾನ ಹೋಗಲಿಲ್ಲ, ಅದೇ ಸೀರಮ್ಮನ್ನು ಇನ್ನೂ ತೆಳುಗೊಳಿಸಲು ಹೇಳಿದರು. 1:320ರಲ್ಲಿ ಗಂಟು ಮಸುಕಾಗಿ ಕಂಡಿತು, 1:640ರಿಂದ 1:2560ರವರೆಗೆ ಸ್ಪಷ್ಟ, 1:5120ರಲ್ಲಿ ಮತ್ತೆ ಇಲ್ಲ. ಟೈಟರ್ 1:2560! ಮೊದಲ ನಾಲ್ಕು ನಳಿಕೆಗಳು ಖಾಲಿಯಿದ್ದದ್ದು ಪ್ರತಿಕಾಯ ಅತಿಯಾಗಿದ್ದುದರಿಂದ. ಹೊಸದಾಗಿ ರಕ್ತ ಕೊಡುವ ಅಗತ್ಯವೂ ಬರಲಿಲ್ಲ.

ಆದ್ದರಿಂದ ರಿಪೋರ್ಟಿನಲ್ಲಿ ಬರೀ ‘ನೆಗೆಟಿವ್’ ಎಂದಿದ್ದರೆ, ಎಷ್ಟರವರೆಗೆ ತೆಳುಗೊಳಿಸಿ ನೋಡಿದ್ದಾರೆ ಎಂದು ಕೇಳಿ. ಇದು ಲ್ಯಾಬಿನವರನ್ನು ತಪ್ಪು ಹಿಡಿಯುವ ಪ್ರಶ್ನೆಯಲ್ಲ. ಆಡು-ಕುರಿಯ ಒಡನಾಟವಿದೆ ಎಂದು ನೀವು ಹೇಳದಿದ್ದರೆ ಹೆಚ್ಚಿನ ನಳಿಕೆ ಇಡಲು ಅವರಿಗೆ ಕಾರಣವೇ ಇರುವುದಿಲ್ಲ. ಹಾಗೆಂದು ಪ್ರತಿ ನೆಗೆಟಿವ್‌ಗೂ ಪ್ರೋಜೋನ್ ಕಾರಣವಲ್ಲ. ಜ್ವರ ಶುರುವಾದ ಮೊದಲ ದಿನಗಳಲ್ಲಿ ಪ್ರತಿಕಾಯ ಇನ್ನೂ ಹುಟ್ಟಿರದೆಯೂ ಇರಬಹುದು. ಆಗ ಒಂದೆರಡು ವಾರ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಇನ್ನು ಕೆಲವರಲ್ಲಿ ಗಂಟುಕಟ್ಟಲಾರದ ಪ್ರತಿಕಾಯಗಳು ಜಾಗ ಹಿಡಿದುಕೊಂಡಿರುತ್ತವೆ. ಅಂಥ ಸೀರಮ್ಮನ್ನು ತೆಳುಗೊಳಿಸಿದರೂ ಉತ್ತರ ಸಿಗದೆ ಹೋಗಬಹುದು, ಕೂಂಬ್ಸ್ ಎಂಬ ಬೇರೆ ಪರೀಕ್ಷೆ ಬೇಕಾಗುತ್ತದೆ. ರೋಗ ಖಚಿತವಾದರೆ ಮಾತ್ರೆಗಳನ್ನು ಕನಿಷ್ಠ ಆರು ವಾರ ತೆಗೆದುಕೊಳ್ಳಬೇಕು. ಜ್ವರ ಇಳಿಯಿತೆಂದು ನಡುವೆ ಬಿಟ್ಟವರಿಗೆ ಅದು ಮರುಕಳಿಸುತ್ತದೆ.

ಗರ್ಭಿಣಿಯರಿಗೆ ಮಾಡಿಸುವ ವಿಡಿಆರ್‌ಎಲ್ ಪರೀಕ್ಷೆಗೂ ಇದೇ ಮಾತು ಅನ್ವಯಿಸುತ್ತದೆ. ಅದು ಅವಕ್ಷೇಪನದ, ಅಂದರೆ ಸಣ್ಣ ಕಣಗಳು ಕೂಡಿ ಕಾಣಿಸಿಕೊಳ್ಳುವ ಪರೀಕ್ಷೆ. ಸಿಫಿಲಿಸ್ ಸೋಂಕು ಜೋರಾಗಿರುವ ಹಂತದಲ್ಲೇ ಪ್ರತಿಕಾಯ ಅತಿಯಾಗಿ, ತೆಳುಗೊಳಿಸದ ಸೀರಮ್ ನೆಗೆಟಿವ್ ತೋರಿಸಬಹುದು. ತಾಯಿಗೆ ಚಿಕಿತ್ಸೆ ತಪ್ಪಿದರೆ ಸೋಂಕು ಮಗುವಿಗೆ ದಾಟುತ್ತದೆ. ಅಂಗೈ-ಅಂಗಾಲಿನಲ್ಲಿ ಗುಳ್ಳೆ, ಕಾರಣ ತಿಳಿಯದ ಗರ್ಭಪಾತ ಇಂಥವು ಇದ್ದರೆ ಸಂಕೋಚಪಡದೆ ವೈದ್ಯರಿಗೆ ತಿಳಿಸಿ, ಸೀರಮ್ ತೆಳುಗೊಳಿಸಿ ಮತ್ತೊಮ್ಮೆ ನೋಡಲು ಕೇಳಿಕೊಳ್ಳಿ.