ಹಬ್ಬದ ಆಫರ್: ಬಿಲ್ ಹಾಕಿಸುವ ಮುನ್ನ

ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತೆಂದರೆ ಸೀರೆ ಅಂಗಡಿಗಳ ಮುಂದೆ ‘20% ರಿಯಾಯಿತಿ, ಅದರ ಮೇಲೆ ಇನ್ನೂ 10%’ ಎಂಬ ಬೋರ್ಡು. ಕೂಡಿದರೆ 30 ಆಗುವುದಿಲ್ಲ. 5,000 ರೂಪಾಯಿಯ ಸೀರೆ ಮೊದಲು 4,000ಕ್ಕೆ, ಆಮೇಲೆ 3,600ಕ್ಕೆ ಇಳಿಯುತ್ತದೆ. ಉಳಿತಾಯ 28%.

ರೇಷ್ಮೆಯಾದರೆ ಸಿಲ್ಕ್ ಮಾರ್ಕ್ ಚೀಟಿ ನೋಡಬೇಕು. ಅದು ರೇಷ್ಮೆಗೆ ಮಾತ್ರ ಖಾತ್ರಿ, ಜರಿಗಲ್ಲ. ಚೀಟಿ ಇಲ್ಲವೇ? ಅಂಚಿನ ಒಂದೆಳೆ ಸುಟ್ಟರೆ ಗೊತ್ತಾಗುತ್ತದೆ. ರೇಷ್ಮೆಗೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಪೂಜಾ ಕಿಟ್‌ನ ‘ಜರ್ಮನ್ ಸಿಲ್ವರ್’ ಮುಖವಾಡದಲ್ಲಿ ಬೆಳ್ಳಿ ಇರುವುದಿಲ್ಲ. ತಾಮ್ರ, ನಿಕಲ್, ಸತುವಿನ ಮಿಶ್ರಲೋಹವದು. ಕೊಳ್ಳಲಡ್ಡಿಯಿಲ್ಲ, ಬೆಳ್ಳಿಯ ಬೆಲೆ ಕೊಡಬಾರದಷ್ಟೆ. ಅದು ಕಲಶದ ತೆಂಗಿನಕಾಯಿಗೆ ಕೂರುತ್ತದೆಯೇ, ಓಲೆಗೆ ಕಿವಿಯಲ್ಲಿ ತೂತಿದೆಯೇ ಎಂದು ಅಂಗಡಿಯಲ್ಲೇ ನೋಡುವುದು ಮೇಲು. ಕೈಗೆ ಕಟ್ಟುವ ಒಂಬತ್ತು ಗಂಟಿನ ದಾರ ಕಿಟ್‌ನಲ್ಲಿದೆಯೇ ಎಂದೂ ಕೇಳಬೇಕು.