ಲೀಟರೋ, ಘನ ಡೆಸಿಮೀಟರೋ: ಒಂದು ಅಂಕದ ಅರ್ಜಿ

ಎರಡನೇ ಪಿಯುಸಿಯ ಕಿರುಪರೀಕ್ಷೆಯ ರಸಾಯನಶಾಸ್ತ್ರದ ಉತ್ತರಪತ್ರಿಕೆ ಅದು ಎಂದಿಟ್ಟುಕೊಳ್ಳಿ. ಸೂತ್ರ ಸರಿ, ಬೆಲೆಗಳನ್ನು ತುಂಬಿದ್ದು ಸರಿ, ಕೊನೆಗೆ ಬಂದ ಸಂಖ್ಯೆಯೂ ಸರಿ. ಆ ಸಂಖ್ಯೆಯ ಪಕ್ಕದಲ್ಲಿ ಬರೆದ ಏಕಮಾನದ ಸುತ್ತ ಮಾತ್ರ ಕೆಂಪು ಶಾಯಿಯ ವೃತ್ತ. ಮೂರು ಅಂಕದ ಪ್ರಶ್ನೆಗೆ ಎರಡು ಬಂದಿದೆ. ಹುಡುಗಿ ಬರೆದದ್ದು dm³ mol⁻¹ s⁻¹, ಕೀ ಉತ್ತರದಲ್ಲಿರುವುದು mol⁻¹ L s⁻¹. ಮೇಲ್ನೋಟಕ್ಕೆ ಎರಡಕ್ಕೂ ಹೋಲಿಕೆಯೇ ಇಲ್ಲ.

ಆಕೆ ಉಪನ್ಯಾಸಕರಿಗೆ ಪತ್ರ ಬರೆಯಬೇಕು. ಬರೆಯುವ ಮೊದಲು ತಾನು ಸರಿಯೇ ಎಂಬುದನ್ನು ತನಗೆ ತಾನೇ ಖಾತ್ರಿ ಮಾಡಿಕೊಳ್ಳಬೇಕು. ಹೆಚ್ಚಿನ ಅರ್ಜಿಗಳು ಸೋಲುವುದು ಇಲ್ಲಿಯೇ. "ಒಂದು ಅಂಕ ಸಿಕ್ಕರೆ ತೊಂಬತ್ತು ದಾಟುತ್ತೆ ಸರ್" ಎನ್ನುವುದು ಅಳಲು, ಕಾರಣವಲ್ಲ. "ಗೈಡ್‌ನಲ್ಲಿ ಹೀಗೇ ಇದೆ" ಎಂದರೂ ಉಪನ್ಯಾಸಕರು ಜಗ್ಗುವುದಿಲ್ಲ, ಏಕೆಂದರೆ ಗೈಡುಗಳಲ್ಲಿರುವ ತಪ್ಪುಗಳನ್ನು ಅವರು ಬೇಕಾದಷ್ಟು ಕಂಡಿರುತ್ತಾರೆ.

ಪ್ರಶ್ನೆ ಇಷ್ಟೇ: ಎರಡನೇ ಆರ್ಡರ್‌ನ ಒಂದು ರಾಸಾಯನಿಕ ಕ್ರಿಯೆಯಲ್ಲಿ ಪ್ರತಿವರ್ತಕದ ಸಾರತೆ 0.20 mol L⁻¹ ಇದ್ದಾಗ ಕ್ರಿಯೆಯ ದರ 2.4 × 10⁻³ mol L⁻¹ s⁻¹ ಇದೆ. ದರ ಸ್ಥಿರಾಂಕ ಎಷ್ಟು? ಬಿಸಿ ಮಾಡಿದಾಗ ಹೈಡ್ರೋಜನ್ ಅಯೊಡೈಡ್ ಅನಿಲ ಒಡೆಯುವುದು ಈ ಬಗೆಯ ಕ್ರಿಯೆಗೆ ಪಠ್ಯದಲ್ಲಿ ಸಿಗುವ ಉದಾಹರಣೆ. ಇಂಥ ಕಡೆ ಸಾರತೆಯನ್ನು ಎರಡು ಪಟ್ಟು ಮಾಡಿದರೆ ವೇಗ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ದರವನ್ನು ಸಾರತೆಯ ವರ್ಗದಿಂದ ಭಾಗಿಸಬೇಕು. 0.0024 ಅನ್ನು 0.04 ರಿಂದ ಭಾಗಿಸಿದರೆ ಸಿಗುವುದು 0.06. ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ.

ಸಂಖ್ಯೆಗಳ ಜೊತೆಗೆ ಏಕಮಾನಗಳನ್ನೂ ಭಾಗಿಸಬೇಕು ಎನ್ನುವುದು ಮಾತ್ರ ಹಲವರಿಗೆ ಮರೆತುಹೋಗುತ್ತದೆ. ಮೇಲೆ ಒಂದು mol L⁻¹ ಮತ್ತು ಒಂದು s⁻¹ ಇವೆ. ಕೆಳಗೆ ಎರಡು mol L⁻¹ ಇವೆ. ಮೇಲಿನ ಒಂದಕ್ಕೆ ಕೆಳಗಿನ ಒಂದು ಹೊಡೆದುಹೋಗುತ್ತದೆ, ಕೆಳಗೆ ಇನ್ನೊಂದು ಉಳಿಯುತ್ತದೆ. ಅದನ್ನು ಮೇಲಕ್ಕೆ ತಂದರೆ ತಲೆಕೆಳಗಾಗಿ ಮೋಲ್ ಛೇದಕ್ಕೆ ಹೋಗುತ್ತದೆ, ಲೀಟರ್ ಅಂಶಕ್ಕೆ ಬರುತ್ತದೆ. ಪಠ್ಯಪುಸ್ತಕದ ಪಟ್ಟಿಯಲ್ಲಿ ಎರಡನೇ ಆರ್ಡರ್‌ನ ಎದುರಿಗಿರುವ mol⁻¹ L s⁻¹ ಹುಟ್ಟಿದ್ದು ಹೀಗೆ. ಪಟ್ಟಿಯನ್ನು ಬಾಯಿಪಾಠ ಮಾಡಿದವರಿಗೆ ಅದೊಂದು ಮಂತ್ರ. ಹುಟ್ಟಿದ ಬಗೆ ಗೊತ್ತಿದ್ದವರಿಗೆ ಲೀಟರಿನ ಜಾಗದಲ್ಲಿ ಗಾತ್ರದ ಯಾವ ಏಕಮಾನ ಬೇಕಾದರೂ ಕೂರಬಹುದು ಎಂಬುದು ಗೊತ್ತಿರುತ್ತದೆ. ಆದರೆ ಬೇರೆ ಏಕಮಾನ ಕೂತಾಗ ಸಂಖ್ಯೆಯೂ ಅದಕ್ಕೆ ತಕ್ಕಂತೆ ಬದಲಾಗಬೇಕು.

ಈ ಷರತ್ತೇ ಅರ್ಜಿಯ ಜೀವಾಳ. ಸಂಖ್ಯೆಯನ್ನು 0.06 ಎಂದೇ ಉಳಿಸಿಕೊಂಡು ಲೀಟರನ್ನು ತೆಗೆದು ಘನ ಡೆಸಿಮೀಟರನ್ನು ಇಡಬಹುದೇ? ಎರಡೂ ಒಂದೇ ಅಳತೆಯದಾಗಿದ್ದರೆ ಮಾತ್ರ ಇಡಬಹುದು. ಒಂದು ಡೆಸಿಮೀಟರ್ ಎಂದರೆ ಹತ್ತು ಸೆಂಟಿಮೀಟರ್. ಹತ್ತು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಡಬ್ಬದಲ್ಲಿ ಹಿಡಿಯುವುದು ಸಾವಿರ ಘನ ಸೆಂಟಿಮೀಟರ್, ಅಂದರೆ ಒಂದು ಲೀಟರ್. ಹನ್ನೊಂದನೇ ತರಗತಿಯ ಎನ್‌ಸಿಇಆರ್‌ಟಿ ರಸಾಯನಶಾಸ್ತ್ರ ಪುಸ್ತಕದ ಮೊದಲ ಅಧ್ಯಾಯದಲ್ಲಿಯೇ ಈ ಸಮೀಕರಣವಿದೆ.

ಇದರ ಹಿಂದೆ ಒಂದು ಸಣ್ಣ ಇತಿಹಾಸವೂ ಇದೆ. ಕಾಲ 1950ರ ದಶಕವಾಗಿದ್ದರೆ, ಹಟಮಾರಿ ಪರೀಕ್ಷಕರೊಬ್ಬರು "ಎರಡೂ ಒಂದೇ ಅಲ್ಲ" ಎಂದು ಆಧಾರಸಹಿತ ವಾದಿಸಬಹುದಿತ್ತು. ಅಳತೆ ತೂಕಗಳ ಅಂತರರಾಷ್ಟ್ರೀಯ ಸಮ್ಮೇಳನ 1901ರಲ್ಲಿ ಲೀಟರಿಗೆ ಕೊಟ್ಟ ವ್ಯಾಖ್ಯೆ ಬೇರೆಯೇ ಇತ್ತು: ಸಾಮಾನ್ಯ ವಾಯುಭಾರದಲ್ಲಿ, ನೀರು ಅತಿ ಹೆಚ್ಚು ಸಾಂದ್ರವಾಗಿರುವ ಉಷ್ಣತೆಯಲ್ಲಿ, ಒಂದು ಕಿಲೋಗ್ರಾಂ ಶುದ್ಧ ನೀರು ತುಂಬುವ ಜಾಗವೇ ಒಂದು ಲೀಟರ್. ಫ್ರೆಂಚರು ಕಿಲೋಗ್ರಾಂ ಎಂಬ ತೂಕವನ್ನು ರೂಪಿಸಿದ್ದು ಒಂದು ಘನ ಡೆಸಿಮೀಟರ್ ನೀರಿನ ಲೆಕ್ಕದಲ್ಲಿಯೇ. ಆದರೆ ಅವರು ಎರಕ ಹೊಯ್ದ ಪ್ಲಾಟಿನಂ ಬೊಟ್ಟು ಕೂದಲೆಳೆಯಷ್ಟು ಭಾರವಾಗಿಬಿಟ್ಟಿತ್ತು. ಹಾಗಾಗಿ ಅದಕ್ಕೆ ತೂಗುವ ನೀರಿಗೆ 1.000028 ಘನ ಡೆಸಿಮೀಟರ್ ಜಾಗ ಬೇಕಾಯಿತು. ಒಂದು ಲೀಟರಿಗೆ 28 ಘನ ಮಿಲಿಮೀಟರ್ ವ್ಯತ್ಯಾಸ ಎಂದರೆ ಡ್ರಾಪರಿನಿಂದ ಬೀಳುವ ಅರ್ಧ ಹನಿಯಷ್ಟು. 1964ರ ಸಮ್ಮೇಳನ ಹಳೆಯ ವ್ಯಾಖ್ಯೆಯನ್ನು ರದ್ದು ಮಾಡಿ, ಲೀಟರ್ ಎನ್ನುವುದು ಘನ ಡೆಸಿಮೀಟರಿಗೆ ಇರುವ ಇನ್ನೊಂದು ಹೆಸರು ಅಷ್ಟೇ ಎಂದು ಸಾರಿತು. ಅಂದಿನಿಂದ ಆ ಅರ್ಧ ಹನಿಯ ಜಗಳವೂ ಮುಗಿಯಿತು.

ಹಾಗಾಗಿ ಹುಡುಗಿಯ ಪಕ್ಷ ಗಟ್ಟಿಯಾಗಿದೆ. ಆಕೆ ಬರೆಯಬಹುದಾದ ಪತ್ರ ಹೀಗಿರುತ್ತದೆ:

"ರಸಾಯನಶಾಸ್ತ್ರ ಉಪನ್ಯಾಸಕರಿಗೆ,

ಮಾನ್ಯರೇ,

ವಿಷಯ: ಕಿರುಪರೀಕ್ಷೆಯ 14ನೇ ಪ್ರಶ್ನೆಯ ಉತ್ತರವನ್ನು ಮತ್ತೊಮ್ಮೆ ಪರಿಶೀಲಿಸಲು ಕೋರಿಕೆ.

ಈ ಪ್ರಶ್ನೆಗೆ ನಾನು 0.06 dm³ mol⁻¹ s⁻¹ ಎಂದು ಉತ್ತರಿಸಿದ್ದೇನೆ. ಏಕಮಾನ ತಪ್ಪೆಂದು ಒಂದು ಅಂಕ ಕಳೆಯಲಾಗಿದೆ. ಕೀ ಉತ್ತರದಲ್ಲಿ 0.06 mol⁻¹ L s⁻¹ ಎಂದಿದೆ. 1 dm³ ಮತ್ತು 1 L ಒಂದೇ ಆಗಿರುವುದರಿಂದ ಎರಡೂ ಒಂದೇ ಬೆಲೆ ಎಂದು ನನಗೆ ತೋರುತ್ತದೆ. ಇಂಥದೇ ಏಕಮಾನದಲ್ಲಿ ಬರೆಯಬೇಕೆಂದು ಪ್ರಶ್ನೆಯಲ್ಲಿ ಹೇಳಿರಲಿಲ್ಲ. ನನ್ನ ಉತ್ತರವನ್ನು ದರದ ಸಮೀಕರಣಕ್ಕೆ ಮರಳಿ ಹಾಕಿ ನೋಡಿದ್ದೇನೆ: 0.06 dm³ mol⁻¹ s⁻¹ × (0.20 mol dm⁻³)² = 2.4 × 10⁻³ mol dm⁻³ s⁻¹. ಇದು ಪ್ರಶ್ನೆಯಲ್ಲಿ ಕೊಟ್ಟ ದರವೇ ಆಗಿದೆ. ಉತ್ತರಪತ್ರಿಕೆಯನ್ನು ಇದರೊಂದಿಗೆ ಇಟ್ಟಿದ್ದೇನೆ. ನನ್ನ ತಿಳಿವಳಿಕೆಯಲ್ಲಿ ತಪ್ಪಿದ್ದರೆ ದಯವಿಟ್ಟು ತಿಳಿಸಿಕೊಡಬೇಕಾಗಿ ವಿನಂತಿ.

ತಮ್ಮ ವಿಧೇಯ ವಿದ್ಯಾರ್ಥಿನಿ"

ಪತ್ರದ ತೂಕವೆಲ್ಲ ಮರಳಿ ಹಾಕಿ ನೋಡಿದ ಆ ಒಂದು ಸಾಲಿನಲ್ಲಿದೆ. ಉಪನ್ಯಾಸಕರು ಯಾವ ಪುಸ್ತಕವನ್ನೂ ತೆರೆಯಬೇಕಿಲ್ಲ, ಪತ್ರದ ಅಂಚಿನಲ್ಲಿ ಅರ್ಧ ನಿಮಿಷ ಪೆನ್ನಾಡಿಸಿದರೆ ಸಾಕು. 1964ರ ಕಥೆಯನ್ನು ಹುಡುಗಿ ಪತ್ರದಲ್ಲಿ ತರದಿದ್ದುದೂ ಒಳ್ಳೆಯದೇ ಆಯಿತು. ಒಂದು ಅಂಕಕ್ಕೆ ಅಂತರರಾಷ್ಟ್ರೀಯ ಸಮ್ಮೇಳನವನ್ನು ಸಾಕ್ಷಿಗೆ ಕರೆದರೆ ಎಂಥ ಮೇಷ್ಟ್ರಿಗೂ ಮುಖ ಗಂಟಾಗುತ್ತದೆ.

ಇದೇ ಪರೀಕ್ಷೆಯನ್ನು ಪಕ್ಕದ ಬೆಂಚಿನವರ ಉತ್ತರಗಳಿಗೂ ಹಚ್ಚಿ ನೋಡಬಹುದು. ಒಬ್ಬ 60 cm³ mol⁻¹ s⁻¹ ಎಂದು ಬರೆದಿದ್ದಾನೆ. ಲೀಟರಿಗೆ ಸಾವಿರ ಘನ ಸೆಂಟಿಮೀಟರ್ ಆದ್ದರಿಂದ 0.06 ಹೋಗಿ 60 ಆಗಿದೆ. ಸಂಖ್ಯೆ ಬೇರೆ, ಏಕಮಾನ ಬೇರೆ, ಉತ್ತರ ಮಾತ್ರ ಅದೇ. ಇನ್ನೊಬ್ಬಳು ಸೆಕೆಂಡಿನ ಬದಲು ನಿಮಿಷ ಹಿಡಿದು 3.6 mol⁻¹ L min⁻¹ ಎಂದಿದ್ದಾಳೆ, ಅದೂ ಸರಿಯೇ. ಮೂರನೆಯವನು 0.06 mol L⁻¹ s⁻¹ ಎಂದು ಬರೆದಿದ್ದಾನೆ. ನೋಡಲು ಕೀ ಉತ್ತರಕ್ಕೆ ಎಲ್ಲರಿಗಿಂತ ಹತ್ತಿರವಿರುವುದು ಇದೇ. ಅವೇ ಮೂರು ಅಕ್ಷರಗುಚ್ಛಗಳು, ಅವೇ ಎರಡು ಋಣ ಚಿಹ್ನೆಗಳು. ಒಂದು ಚಿಹ್ನೆ ಮೋಲಿನ ತಲೆಯಿಂದ ಜಿಗಿದು ಲೀಟರಿನ ತಲೆ ಏರಿದೆ, ಅಷ್ಟೇ. ಆದರೆ ಇದು ಶೂನ್ಯ ಆರ್ಡರ್‌ನ ಕ್ರಿಯೆಯ ಏಕಮಾನ. ಪ್ರತಿವರ್ತಕ ಎಷ್ಟಿದ್ದರೂ ವೇಗ ಬದಲಾಗದು ಎಂದು ಹೇಳಿದಂತಾಯಿತು. ಸಮೀಕರಣಕ್ಕೆ ಮರಳಿ ಹಾಕಿದರೆ ಮೋಲಿನ ಘನ, ಲೀಟರಿನ ಘನ ಎಂದು ಏನೇನೋ ಬರುತ್ತದೆ, ದರದ ಏಕಮಾನ ಬರುವುದಿಲ್ಲ. ಈತ ಪತ್ರ ಬರೆಯದಿರುವುದೇ ವಾಸಿ.

ಪತ್ರಕ್ಕೆ ಬಗ್ಗದ ಇನ್ನೊಂದು ಬಗೆಯೂ ಇದೆ. ಪರಾಸರಣ ಒತ್ತಡದ ಲೆಕ್ಕದಲ್ಲಿ, ಸಕ್ಕರೆಯ 0.1 mol L⁻¹ ದ್ರಾವಣಕ್ಕೆ 300 K ಉಷ್ಣತೆಯಲ್ಲಿ ಅನಿಲ ಸ್ಥಿರಾಂಕವನ್ನು 0.083 ಎಂದು ಹಿಡಿದರೆ 2.49 ಬಾರ್ ಬರುತ್ತದೆ. 0.0821 ಎಂದು ಹಿಡಿದರೆ 2.46 ಅಟ್ಮಾಸ್ಫಿಯರ್ ಬರುತ್ತದೆ. ಎರಡೂ ಸರಿ, ಏಕೆಂದರೆ ಒಂದು ಅಟ್ಮಾಸ್ಫಿಯರ್ ಬಾರ್‌ಗಿಂತ ತುಸು ದೊಡ್ಡದು. ಆದರೆ 2.46 ಬಾರ್ ಎಂದು ಬರೆದರೆ ತಪ್ಪು. ಅಲ್ಲಿ ಒಂದು ಸ್ಥಿರಾಂಕದ ಸಂಖ್ಯೆಗೆ ಇನ್ನೊಂದರ ಏಕಮಾನ ಅಂಟಿಕೊಂಡಿದೆ. ಇಲ್ಲಿ ಏಕಮಾನ ಕೇವಲ ಬಾಲಂಗೋಚಿಯಲ್ಲ, ಯಾವ ಸ್ಥಿರಾಂಕ ಬಳಸಿದ್ದೆಂಬುದರ ಗುರುತು.

ಹಾಗಾದರೆ ಲೆಕ್ಕ ಬಲ್ಲ ಉಪನ್ಯಾಸಕರು dm³ ಕಂಡು ವೃತ್ತ ಹಾಕಿದ್ದೇಕೆ? ಕಟ್ಟುಗಟ್ಟಲೆ ಪತ್ರಿಕೆ ತಿದ್ದುವಾಗ ಕಣ್ಣು ಓದುವುದನ್ನು ಬಿಟ್ಟು ಕೀ ಉತ್ತರದ ಆಕಾರವನ್ನು ಹುಡುಕತೊಡಗುತ್ತದೆ. L ಇರಬೇಕಾದ ಕಡೆ d ಕಂಡರೆ ಪೆನ್ನು ತಾನಾಗಿ ಓಡುತ್ತದೆ. ಮಂಡಳಿಯ ವಾರ್ಷಿಕ ಪರೀಕ್ಷೆಯಲ್ಲಾದರೆ ಹೀಗೆ ಪತ್ರ ಬರೆದು ಎದುರಿಗೆ ನಿಲ್ಲುವ ದಾರಿಯಿಲ್ಲ. ಶುಲ್ಕ ಕಟ್ಟಿ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಂಡು, ಆಮೇಲೆ ಮರುಮೌಲ್ಯಮಾಪನಕ್ಕೆ ಇನ್ನೊಂದು ಶುಲ್ಕ ಕಟ್ಟಬೇಕು. ಕಾಲೇಜಿನ ಕಿರುಪರೀಕ್ಷೆಯಲ್ಲಿ ಮಾತ್ರ ತಿದ್ದಿದ ಕೈಗೇ ಕಾರಣವನ್ನು ಒಪ್ಪಿಸಬಹುದು.

ಈ ಪತ್ರ ಸ್ಟಾಫ್ ರೂಮಿನ ಮೇಜಿಗೆ ತಲುಪಿದ ಮೇಲೆ ಕೆಲಸ ಹೆಚ್ಚುವುದು ಉಪನ್ಯಾಸಕರಿಗೆ. ಹುಡುಗಿಯ ಎರಡನ್ನು ಮೂರು ಮಾಡಿ ಪಕ್ಕದಲ್ಲಿ ಸಣ್ಣ ಸಹಿ ಹಾಕಿದರೆ ಮುಗಿಯುವುದಿಲ್ಲ. ತಪ್ಪು ಒಂದು ಪತ್ರಿಕೆಯಲ್ಲಿಲ್ಲ, ಒಂದೇ ರೂಪವನ್ನು ಬರೆದಿಟ್ಟುಕೊಂಡ ಕೀ ಉತ್ತರದಲ್ಲಿದೆ. ಅದರ ಎದುರಿಗೆ dm³, cm³, ನಿಮಿಷ ಎಂದು ಸೇರಿಸಿಕೊಂಡು, ಮಕ್ಕಳಿಂದ ಪತ್ರಿಕೆಗಳನ್ನೆಲ್ಲ ವಾಪಸು ತರಿಸಿ, 14ನೇ ಪ್ರಶ್ನೆಯನ್ನು ಮೊದಲಿಂದ ನೋಡಬೇಕು. 60 ಎಂದು ಬರೆದು ಸುಮ್ಮನೆ ಕೂತ ಹುಡುಗನಿಗೆ ಕಳೆದುಹೋದ ಅಂಕ ಸಿಗುವುದು ಆಗಲೇ.