ಮಾಲೀಕರಿಲ್ಲದ ಸಲೂನಿನಲ್ಲಿ ಬ್ಲೇಡಿನ ಲೆಕ್ಕ

ಬೇರೆ ಕೆಲಸದಲ್ಲಿದ್ದುಕೊಂಡು, ಇಬ್ಬರು ಮೂವರು ಕೆಲಸಗಾರರನ್ನಿಟ್ಟು ಸಲೂನ್ ನಡೆಸುವವರು ನಮ್ಮ ಊರುಗಳಲ್ಲಿ ಬೇಕಾದಷ್ಟಿದ್ದಾರೆ. ಇಂಥ ಅಂಗಡಿಯ ಗೋಡೆಯ ಮೇಲೊಂದು ಪಟ್ಟಿ ಅಂಟಿಸಿರುತ್ತದೆ: ಕಸ ಗುಡಿಸಿತೇ, ಕನ್ನಡಿ ಒರೆಸಿತೇ. ಕೆಲಸಗಾರರು ವಾರದ ಗುರುತನ್ನೆಲ್ಲ ಒಂದೇ ಸಲ ಹಾಕಿಬಿಡುತ್ತಾರೆ. ಆದ್ದರಿಂದ ಗುರುತು ಕೇಳುವ ಬದಲು ಎಣಿಕೆ ಕೇಳಬೇಕು.

ಮೊದಲು ಎಣಿಸಬೇಕಾದದ್ದು ಬ್ಲೇಡ್. ನಮ್ಮಲ್ಲಿ ಒಂದು ಬ್ಲೇಡನ್ನು ಎರಡಾಗಿ ಮುರಿದು, ಒಬ್ಬ ಗಿರಾಕಿಗೆ ಅರ್ಧದಂತೆ ಬಳಸುವುದು ರೂಢಿ. ಬೆಳಿಗ್ಗೆ ಷಟರ್ ಎತ್ತಿದಾಗ ಹೊಸ ಬ್ಲೇಡ್ 20 ಇದ್ದವು ಎನ್ನಿ. ರಾತ್ರಿ ಬಿಲ್ ಪುಸ್ತಕದಲ್ಲಿ 24 ಗಿರಾಕಿಗಳಿದ್ದರೆ 12 ಖರ್ಚಾಗಿ 8 ಉಳಿಯಬೇಕು. 11 ಉಳಿದಿದ್ದರೆ ಖರ್ಚಾದದ್ದು ಒಂಬತ್ತೇ. ಅಂದರೆ ಆರು ಜನರಿಗೆ ಹಳೇ ಬ್ಲೇಡ್ ತಾಗಿರುವ ಸಾಧ್ಯತೆಯಿದೆ. ಹೆಪಟೈಟಿಸ್ ಬಿ, ಸಿ ರಕ್ತದ ಮೂಲಕ ಹರಡುವ ಕಾಯಿಲೆಗಳು, ಇದನ್ನು ಸುಮ್ಮನೆ ಬಿಡುವಂತಿಲ್ಲ. ಆರೇ ಉಳಿದಿದ್ದರೆ ಕಥೆ ಬೇರೆ: ನಾಲ್ಕು ಅರ್ಧಗಳು ಹೆಚ್ಚು ಹೋಗಿವೆ, ಬಿಲ್ ಹರಿಯದೆ ಕೆಲಸ ನಡೆದಿರಬಹುದು. ಮಕ್ಕಳ ಕಟಿಂಗ್‌ಗೆ ಕೆಲವೊಮ್ಮೆ ಬ್ಲೇಡೇ ಬೇಡ, ಮುರಿಯುವಾಗ ಒಂದೆರಡು ಹಾಳಾಗುವುದೂ ಉಂಟು. ಒಂದು ದಿನದ ವ್ಯತ್ಯಾಸಕ್ಕೆ ಯಾರನ್ನೂ ಕಳ್ಳ ಅನ್ನಬೇಡಿ. ವಾರವಿಡೀ ಒಂದೇ ಕಡೆ ವಾಲಿದರೆ ಕೂತು ಮಾತಾಡಿ.

ಗಲ್ಲಾ ಪೆಟ್ಟಿಗೆಯದೂ ಹೀಗೇ. ಬೆಳಿಗ್ಗೆ 500 ರೂಪಾಯಿ ಚಿಲ್ಲರೆ ಇಡಿ. ಬಿಲ್ ಮೊತ್ತ 2,540, ಅದರಲ್ಲಿ ಯುಪಿಐ ಮೂಲಕ ಬಂದದ್ದು 1,620 ಆದರೆ ನಗದು 920. ಚಿಲ್ಲರೆ ಸೇರಿಸಿ, ಚಹಾದ 60 ಕಳೆದರೆ ಪೆಟ್ಟಿಗೆಯಲ್ಲಿ 1,360 ಇರಬೇಕು. ಟಿಪ್ಸ್ ಕೂಡ ಅಂಗಡಿಯ ಕ್ಯೂಆರ್‌ಗೇ ಬಂದರೆ ಈ ಲೆಕ್ಕ ಕೆಡುತ್ತದೆ. ಅದನ್ನು ಬಿಲ್ ಹಿಂದೆ ಬರೆದಿಟ್ಟು, ಆ ರಾತ್ರಿಯೇ ಕೆಲಸಗಾರನಿಗೆ ಕೊಟ್ಟುಬಿಡಿ. ಟೇಬಲ್ ಮೇಲಿರುವುದು ನಿಮ್ಮದೇ ಕ್ಯೂಆರ್ ಎಂಬುದಕ್ಕೆ ದಿನಾ ಬೆಳಿಗ್ಗೆ ಒಂದು ರೂಪಾಯಿ ಹಾಕಿಸಿ ನೋಡಿದರೆ ಸಾಕು.

ಬಾಚಣಿಗೆಯ ದ್ರಾವಣವನ್ನು ಪ್ರತಿ ಬೆಳಿಗ್ಗೆ ಹೊಸದಾಗಿ ಕಲಸಬೇಕು. ಕೂದಲು ತೆಗೆದು ಸೋಪಿನಲ್ಲಿ ತೊಳೆಯದೆ ಅದ್ದಿದರೆ ಔಷಧ ಕೊಳೆಯ ಮೇಲೇ ಖರ್ಚಾಗಿಹೋಗುತ್ತದೆ. ನೀರು ಕದಡಿ, ಅದರಲ್ಲಿ ಕೂದಲು ತೇಲುತ್ತಿದ್ದರೆ ಅದು ನಿನ್ನೆಯದು ಎಂದೇ ತಿಳಿಯಿರಿ.

ಬಾಗಿಲು ಹಾಕುವಾಗ ಗೀಸರ್, ಸ್ಟ್ರೈಟ್ನರ್, ವ್ಯಾಕ್ಸ್ ಹೀಟರ್‌ಗಳ ಪ್ಲಗ್ ಕಿತ್ತಿಟ್ಟ ಫೋಟೊ ವಾಟ್ಸ್ಆ್ಯಪ್‌ಗೆ ಬರಲಿ. ಮೇನ್ ಸ್ವಿಚ್ಚನ್ನೇ ಆರಿಸಿದರೆ ಸಿಸಿ ಕ್ಯಾಮೆರಾವೂ ಆರುತ್ತದೆ. ಆರಿಸಬಾರದ ಸ್ವಿಚ್ಚಿಗೆ ಕೆಂಪು ಟೇಪ್ ಸುತ್ತಿ.

ಬಳಸಿದ ಬ್ಲೇಡುಗಳನ್ನು ಮುಚ್ಚಳದಲ್ಲಿ ಸೀಳು ಕೊರೆದ ಗಟ್ಟಿ ಡಬ್ಬಿಗೆ ಹಾಕಿಸಿ. ಅದು ತುಂಬಿದಾಗ ಟೇಪ್ ಸುತ್ತಿ, ‘ಬ್ಲೇಡ್’ ಎಂದು ದಪ್ಪಗೆ ಬರೆದು, ಪೌರಕಾರ್ಮಿಕರ ಕೈಗೆ ಪ್ರತ್ಯೇಕವಾಗಿ ಕೊಡಿ. ಕೂದಲಿನ ಚೀಲದೊಳಗೆ ತುರುಕಬೇಡಿ.